ಆ್ಯಪಿನಲ್ಲಿ ಸಿಕ್ಕವನ ವಿಷಯ ಮನೆಯಲ್ಲಿ ಯಾವಾಗ ಹೇಳುವುದು?

ನನ್ನ ಹತ್ತಿರ ಸಲಹೆ ಕೇಳಲು ಬಂದ ಒಬ್ಬ ಹುಡುಗಿಯನ್ನು ಇಲ್ಲಿ ಲತಾ ಎಂದು ಕರೆಯುತ್ತೇನೆ. ಹೆಸರು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.

ಲತಾಗೆ 26 ವರ್ಷ. ಮನೆ ಕೋಲಾರದಲ್ಲಿ, ಕೆಲಸ ನರಸಾಪುರದ ಒಂದು ಕಾರ್ಖಾನೆಯಲ್ಲಿ. ಡೇಟಿಂಗ್ ಆ್ಯಪಿನಲ್ಲಿ ಪರಿಚಯವಾದ ಹುಡುಗ ಬೆಂಗಳೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಊರು ಹಾಸನದ ಕಡೆ, ಜಾತಿ ಬೇರೆ. ಐದು ತಿಂಗಳಿಂದ ಇಬ್ಬರೂ ಮಾತಾಡುತ್ತಿದ್ದರು. ಕೋಲಾರದಲ್ಲಿ ಪರಿಚಯದವರ ಕಣ್ಣಿಗೆ ಬಿದ್ದರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುತ್ತದೆ, ಅಲ್ವಾ? ಹಾಗಾಗಿ ಭೇಟಿಯೆಲ್ಲ ಬೆಂಗಳೂರಿನಲ್ಲೇ. ಮನೆಯಲ್ಲಿ ಓವರ್‌ಟೈಮ್ ಎಂದು ಹೇಳಿ ಹೋಗುತ್ತಿದ್ದಳು.

ಅಷ್ಟರಲ್ಲಿ ಸೋದರಮಾವ ಒಂದು ಸಂಬಂಧ ತಂದರು. ಮುಂದಿನ ಭಾನುವಾರ ಹೆಣ್ಣು ನೋಡಲು ಬರುವುದೆಂದು ಮಾತಾಯಿತು. "ಮೇಡಂ, ಅಷ್ಟರೊಳಗೆ ಅಮ್ಮನಿಗೆ ಇವನ ವಿಷಯ ಹೇಳಿಬಿಡ್ಲಾ?" ಎಂದು ಕೇಳಿಕೊಂಡು ಬಂದಳು.

ಅದಕ್ಕೆ ಉತ್ತರ ಕೊಡುವ ಮೊದಲು ನಾನೊಂದು ಕೇಳಿದೆ. "ಬೆಂಗಳೂರಿಗೆ ಹೋದ ದಿನ ನೀವು ಎಲ್ಲಿದ್ದೀರಿ ಅಂತ ಯಾರಿಗೆ ಗೊತ್ತಿರುತ್ತೆ?" ಯಾರಿಗೂ ಗೊತ್ತಿರಲಿಲ್ಲ. ಭಾನುವಾರದ ವಿಷಯಕ್ಕಿಂತ ನನಗೆ ಇದೇ ಜಾಸ್ತಿ ಚಿಂತೆಯಾಯಿತು. ಏನಾದರೂ ಆದರೆ ಮನೆಯವರು ಹುಡುಕುವುದು ಕಾರ್ಖಾನೆಯ ಗೇಟಿನ ಹತ್ತಿರ.

ಹೇಳುವುದರಲ್ಲಿ ಎರಡು ಬಗೆ ಇದೆ. ಒಂದು ಸುರಕ್ಷತೆಗಾಗಿ. ಅದನ್ನು ಒಬ್ಬ ಗೆಳತಿಗೆ ಮೊದಲ ಭೇಟಿಗೆ ಮುಂಚೆಯೇ ಹೇಳಬೇಕು. ಅವನ ಹೆಸರು, ಫೋಟೊ, ಫೋನ್ ನಂಬರ್, ಭೇಟಿಯಾಗುವ ಜಾಗ, ವಾಪಸ್ ಬರುವ ಹೊತ್ತು. ಲೈವ್ ಲೊಕೇಶನ್ ಹಾಕಿಟ್ಟು ಹೋಗಬೇಕು. ಸಂಬಂಧ ಗಟ್ಟಿಯೋ ಅಲ್ಲವೋ ಎಂದು ಇದಕ್ಕೆ ಕಾಯಬೇಕಿಲ್ಲ. ಲತಾ ಆ ದಿನವೇ ಜೊತೆಯಲ್ಲಿ ಕೆಲಸ ಮಾಡುವ ಗೆಳತಿಗೆ ಎಲ್ಲವನ್ನೂ ಕಳಿಸಿದಳು.

ಇನ್ನೊಂದು ಮನೆಯವರಿಗೆ ಹೇಳುವುದು. ನಮ್ಮ ಮನೆಗಳಲ್ಲಿ "ಒಬ್ಬ ಹುಡುಗ ಇದ್ದಾನೆ" ಎಂದರೆ ಮುಂದಿನ ಪ್ರಶ್ನೆ "ಯಾವ ಜನ, ಮದುವೆ ಯಾವಾಗ?" ಇನ್ನೂ ಪರಿಚಯದ ಹಂತದಲ್ಲಿದ್ದೇವೆ ಎನ್ನುವ ಉತ್ತರಕ್ಕೆ ಅಲ್ಲಿ ಜಾಗ ಕಡಿಮೆ. ಆದ್ದರಿಂದ ಈ ಸಂಬಂಧ ಏನು ಎಂದು ಕೇಳಿದರೆ ಇಬ್ಬರೂ ಒಂದೇ ಉತ್ತರ ಕೊಡುವಂತಾದ ಮೇಲೆ ಹೇಳುವುದು ಒಳ್ಳೆಯದು. ಲತಾಗೆ ಅವನಿಗೆ ಮದುವೆಯ ಯೋಚನೆ ಇದೆಯೋ ಇಲ್ಲವೋ ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ. ಅವನ ಒಬ್ಬ ಸ್ನೇಹಿತನನ್ನೂ ನೋಡಿರಲಿಲ್ಲ.

"ಅವನೂ ಯಾರಿಗೂ ಹೇಳ್ಬೇಡ ಅಂತಾನೆ" ಎಂದಳು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಹುಷಾರಾಗಿರುವವನು ಕಾರಣ ಹೇಳುತ್ತಾನೆ, ಯಾವಾಗ ಹೇಳೋಣ ಎಂಬುದನ್ನೂ ಹೇಳುತ್ತಾನೆ. ಮುಚ್ಚಿಡುವವನು ಎರಡನ್ನೂ ಹೇಳುವುದಿಲ್ಲ. ರಾತ್ರಿ ಫೋನ್ ಎತ್ತುವುದಿಲ್ಲ, ರೂಮಿನಿಂದ ವಿಡಿಯೊ ಕಾಲ್ ಮಾಡುವುದಿಲ್ಲ, ಕೆಲಸದ ಜಾಗ ಕೇಳಿದರೆ ಸಿಟ್ಟಾಗುತ್ತಾನೆ. ಮದುವೆಯಾಗಿರುವವರ ವಿಷಯ ಎಷ್ಟೋ ಸಲ ಹೊರಬರುವುದು ಇಂಥ ಕಡೆಯೇ. ಜೊತೆಗೆ ದುಡ್ಡನ್ನೂ ಕೇಳಿದರೆ ಯಾರಿಗಾದರೂ ಹೇಳುವುದನ್ನು ಒಂದು ದಿನವೂ ತಡಮಾಡಬಾರದು.

ಲತಾ ಅವನನ್ನು ನೇರವಾಗಿ ಕೇಳಿದಳು. ತಂಗಿಯ ಮದುವೆ ಗೊತ್ತಾಗಿದೆ, ಅದು ಮುಗಿದ ಮೇಲೆ ನಮ್ಮ ಮನೆಯಲ್ಲಿ ಹೇಳುತ್ತೇನೆ ಎಂದ. ಎರಡು ವಾರದಲ್ಲಿ ತನ್ನ ಸ್ನೇಹಿತ ಮತ್ತು ಅವನ ಹೆಂಡತಿಯ ಜೊತೆ ಊಟಕ್ಕೆ ಕರೆದ. ಲತಾ ತನ್ನ ಗೆಳತಿಯನ್ನೂ ಕರೆದುಕೊಂಡು ಹೋದಳು.

ಭಾನುವಾರದ ಬಗ್ಗೆ ನನ್ನ ಸಲಹೆ ಬೇರೆ ಇತ್ತು. ಆ ಸಂಬಂಧ ಬೇಡ ಎನ್ನಲು ಈ ಹುಡುಗನನ್ನು ಕಾರಣ ಮಾಡಬೇಡಿ ಎಂದೆ. ಹಾಗೆ ಮಾಡಿದರೆ ಸೋದರಮಾವನಿಗೆ ಆಗುವ ಅವಮಾನ, ಕೈತಪ್ಪಿದ ಸಂಬಂಧದ ಬೇಸರ ಎಲ್ಲ ಮನೆಯವರು ಮುಖವನ್ನೇ ನೋಡದ ಒಬ್ಬನ ತಲೆಗೆ ಬರುತ್ತದೆ. "ಈಗ ಮದುವೆಗೆ ನಾನು ತಯಾರಿಲ್ಲ, ಮೂರು ತಿಂಗಳು ಯಾರನ್ನೂ ಕರೆಸಬೇಡಿ" ಎಂದು ಅವಳು ಬುಧವಾರವೇ ಅಮ್ಮನಿಗೆ ಹೇಳಿದಳು. ಅದು ನಿಜವೂ ಆಗಿತ್ತು. ಮನೆಗೆ ಬಂದವರ ಮುಂದೆ ಕೂತು ಎದ್ದ ಮೇಲೆ ಬೇಡ ಎನ್ನುವುದಕ್ಕಿಂತ ಮೊದಲೇ ಹೇಳಿದ್ದರಿಂದ ಮಾವನ ಮರ್ಯಾದೆಯೂ ಉಳಿಯಿತು.

ಹುಡುಗನ ವಿಷಯ ಮೊದಲು ಹೇಳಿದ್ದು ಮದುವೆಯಾಗಿ ಮಾಲೂರಿನಲ್ಲಿರುವ ಅಕ್ಕನಿಗೆ. ಅಮ್ಮನಿಗೆ ಮೊದಲು ಹೇಳಿ "ಅಪ್ಪನಿಗೆ ಹೇಳ್ಬೇಡ" ಎಂದರೆ ಆ ಭಾರ ಅಮ್ಮನ ಮೇಲೆ ಬೀಳುತ್ತದೆ. ನಾಳೆ ಗೊತ್ತಾದರೆ ಬೈಸಿಕೊಳ್ಳುವವಳೂ ಅಮ್ಮನೇ. ಅಕ್ಕನಿಗೆ ಆ ಇಕ್ಕಟ್ಟಿಲ್ಲ. ಅಪ್ಪನ ಹತ್ತಿರ ಯಾವಾಗ ಮಾತಾಡಬೇಕೆಂಬುದೂ ಅವಳಿಗೆ ಗೊತ್ತು.

"ಎಲ್ಲಿ ಸಿಕ್ಕಿದ ಅಂದ್ರೆ?" ಎಂದು ಲತಾ ಕೇಳಿದಳು. ಆಫೀಸಿನವನು ಎಂದು ಹೇಳುವ ಆಸೆ ಅವಳಿಗಿತ್ತು. ಬೇಡ ಎಂದೆ. ನರಸಾಪುರದಲ್ಲಿ ಕೆಲಸ ಮಾಡುವ ನೆಂಟರು ಒಬ್ಬರಿದ್ದರೆ ಸಾಕು, ಸುಳ್ಳು ಹೊರಬರುತ್ತದೆ. ಆಮೇಲೆ ಹೇಳಿದ ನಿಜವನ್ನೂ ನಂಬುವುದಿಲ್ಲ. "ಫೋನಿನಲ್ಲಿ ಪರಿಚಯ, ಮ್ಯಾಟ್ರಿಮೊನಿ ಥರದ್ದೇ ಒಂದು ಆ್ಯಪ್. ಆಮೇಲೆ ಎದುರಿಗೆ ಭೇಟಿಯಾದೆ, ಅವನ ಸ್ನೇಹಿತರನ್ನೂ ನೋಡಿದ್ದೇನೆ" ಎಂದು ಹೇಳಲು ತಯಾರಾದಳು. ಅದರಲ್ಲಿ "ಮ್ಯಾಟ್ರಿಮೊನಿ ಥರದ್ದೇ" ಎಂಬುದನ್ನು ನಾನು ತೆಗೆಸಿದೆ.

ಅವನ ತಂಗಿಯ ಮದುವೆ ಮುಗಿಯಿತು. ಅವನು ತನ್ನ ಮನೆಯಲ್ಲಿ ಹೇಳಿದ. ಅದೇ ವಾರ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲತಾ ಅಪ್ಪ ಅಮ್ಮ ಇಬ್ಬರಿಗೂ ಒಟ್ಟಿಗೆ ಹೇಳಿದಳು. ಅಪ್ಪ ಈಗ ಅವಳ ಜೊತೆ ಜಾಸ್ತಿ ಮಾತಾಡುತ್ತಿಲ್ಲ. ಜಾತಿಯ ಮಾತು ಬಗೆಹರಿದಿಲ್ಲ. ಅಮ್ಮ ಹುಡುಗನ ಊರು, ಮನೆತನ ವಿಚಾರಿಸುತ್ತಿದ್ದಾರೆ. ಹೆಣ್ಣು ನೋಡಲು ಯಾರನ್ನೂ ಕರೆಸಿಲ್ಲ. ಲತಾ ಮುಂದಿನ ತಿಂಗಳು ಅಕ್ಕನ ಜೊತೆ ನನ್ನ ಹತ್ತಿರ ಬರುವುದಾಗಿ ಹೇಳಿದ್ದಾಳೆ.