ಲ್ಯಾಬ್ ಸಾಮಾನಿಗೆ ಮಾತ್ರ ಸೊನ್ನೆಯಿಂದ ಶುರು ಮಾಡಿ

"ಪ್ರತಿ ವರ್ಷ ಹಿಂದಿನ ಬಜೆಟ್‌ಗೆ ಶೇ. 5 ಸೇರಿಸಿ ಕಳಿಸ್ತೀವಿ. ಈ ಸಲ ಝೀರೋ ಬೇಸ್ಡ್ ಮಾಡಿ ಅಂತಿದ್ದಾರೆ. ನಮ್ಮ ಕೆಮಿಸ್ಟ್ರಿ ವಿಭಾಗಕ್ಕೆ ಇದು ಬೇಕಾ?"

ಹಳೆಯ ಅಂಕಿ ಬಿಟ್ಟು ಪ್ರತಿ ಖರ್ಚನ್ನೂ ಸೊನ್ನೆಯಿಂದ ಲೆಕ್ಕ ಹಾಕೋದು ಎಲ್ಲದಕ್ಕೂ ಬೇಡ ಸರ್. ಸಂಬಳ, ಉಪಕರಣಗಳ ವಾರ್ಷಿಕ ನಿರ್ವಹಣೆ ಇಂಥವು ಒಪ್ಪಂದದ ಪ್ರಕಾರ ನಡೆಯುತ್ತವೆ. ಅಲ್ಲಿ ಹಳೆಯ ಅಂಕಿಗೆ ಏರಿಕೆ ಸೇರಿಸಿದರೆ ಸಾಕು. ಸೊನ್ನೆಯಿಂದ ಲೆಕ್ಕ ಹಾಕಬೇಕಾದ್ದು ಲ್ಯಾಬ್‌ನಲ್ಲಿ ಖರ್ಚಾಗುವ ಸಾಮಾನು.

ಒಂದು ಆಸಿಡ್ ದ್ರಾವಣವನ್ನೇ ತೆಗೆದುಕೊಳ್ಳಿ. ಹೋದ ವರ್ಷ 60 ಲೀಟರ್ ತರಿಸಿದ್ದರೆ, ನಿಮ್ಮ ಈಗಿನ ರೀತಿಯಲ್ಲಿ 63 ಕೇಳುತ್ತೀರಿ. ಈಗ ಅದನ್ನು ಮರೆತು ಲೆಕ್ಕ ಹಾಕಿ: 80 ವಿದ್ಯಾರ್ಥಿಗಳು, 10 ಪ್ರಯೋಗ, ಪ್ರತಿ ಪ್ರಯೋಗಕ್ಕೆ ತಲೆಗೆ 50 ಮಿ.ಲೀ. ಒಟ್ಟು 40 ಲೀಟರ್. ಚೆಲ್ಲಿದ್ದು, ಮತ್ತೆ ಮಾಡಿದ್ದು ಅಂತ 4 ಸೇರಿಸಿ. ಬೀರುವಿನಲ್ಲಿ ಬಳಸಬಹುದಾದ 15 ಲೀಟರ್ ಇದ್ದರೆ ಕೇಳಬೇಕಾದ್ದು 29 ಮಾತ್ರ.

ಆ ಹೆಚ್ಚುವರಿ ಎಲ್ಲಿಂದ ಬಂತು ಅನ್ನೋದು ಸ್ಟಾಕ್ ರಿಜಿಸ್ಟರ್‌ನಲ್ಲೇ ಕಾಣುತ್ತದೆ. ವರ್ಷದ ಕೊನೆಯ ತಿಂಗಳಲ್ಲಿ ಖರೀದಿ ಒಮ್ಮೆಲೇ ಜಾಸ್ತಿಯಾಗಿದೆಯಾ ನೋಡಿ. ಉಳಿಸಿದರೆ ಮುಂದಿನ ವರ್ಷ ಕಡಿತವಾಗುತ್ತೆ ಅನ್ನೋ ಭಯಕ್ಕೆ ಎಷ್ಟೋ ವಿಭಾಗಗಳು ಹೀಗೆ ಖರ್ಚು ಮಾಡುತ್ತವೆ. ಆ ಖರ್ಚೇ ಮುಂದಿನ ಬಜೆಟ್‌ನ ಅಡಿಪಾಯ ಆಗಿಬಿಡುತ್ತದೆ, ಅಲ್ವಾ?

ತೊಂದರೆ ಅಂದರೆ ಸಮಯ. ನೂರಾರು ಸಾಮಾನಿಗೆ ಹೀಗೆ ಕೂತರೆ ಕೊನೆಗೆ ಬೇಸತ್ತು ಹಳೆಯ ಅಂಕಿಯನ್ನೇ ಹೊಸ ಫಾರಂನಲ್ಲಿ ತುಂಬುತ್ತೀರಿ. ಅದಕ್ಕೇ ಪ್ರತಿ ವರ್ಷ ಮೂರನೇ ಒಂದು ಭಾಗ ಮಾತ್ರ ಎತ್ತಿಕೊಳ್ಳಿ, ದುಬಾರಿ ಸಾಮಾನು ಮೊದಲು. ಲೆಕ್ಕವನ್ನು ಲ್ಯಾಬ್ ಅಟೆಂಡರ್ ಜೊತೆ ಕೂತು ಮಾಡಿ. ನಿಜವಾಗಿ ಎಷ್ಟು ಚೆಲ್ಲುತ್ತದೆ ಅಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.