ಇಎಸ್‌ಪಿ32 ಪಿನ್‌ನಿಂದ 5 ವೋಲ್ಟ್ ರಿಲೇ ಓಡಿಸುವುದು

ಪ್ರಶ್ನೆ: ರಿಲೇಯನ್ನು ನೇರವಾಗಿ ಪಿನ್‌ಗೆ ಜೋಡಿಸಿದರೆ ಕ್ಲಿಕ್ ಆಗ್ತಿಲ್ಲ. ಟ್ರಾನ್ಸಿಸ್ಟರ್, ರೆಸಿಸ್ಟರ್, ಡಯೋಡ್ ಹೇಗೆ ಹಾಕಬೇಕು?

ಉತ್ತರ: ಮೊದಲು ಮಲ್ಟಿಮೀಟರ್‌ನಲ್ಲಿ ಕಾಯಿಲ್‌ನ ರೆಸಿಸ್ಟೆನ್ಸ್ ಅಳೆಯಿರಿ. ಸಾಮಾನ್ಯ ನೀಲಿ ರಿಲೇಯಲ್ಲಿ ಸುಮಾರು 70 ಓಮ್ ಇರುತ್ತದೆ, ಅಂದರೆ 5 ವೋಲ್ಟ್‌ಗೆ 71 ಮಿಲಿಆಂಪ್ ಬೇಕು. ಅಷ್ಟನ್ನು ಪಿನ್ ಕೊಡಲಾರದು, ಅದರ 3.3 ವೋಲ್ಟ್ ಕೂಡ ಸಾಲದು.

2ಎನ್2222 ಟ್ರಾನ್ಸಿಸ್ಟರ್ ಬಳಸಿ. ಬಿಸಿ547ರ ಮಿತಿಯೇ 100 ಮಿಲಿಆಂಪ್, ತೀರಾ ಅಂಚಿನಲ್ಲಿರುತ್ತದೆ. ಎಮಿಟರ್ ಗ್ರೌಂಡ್‌ಗೆ, ಕಲೆಕ್ಟರ್ ಕಾಯಿಲ್‌ನ ಒಂದು ತುದಿಗೆ, ಇನ್ನೊಂದು ತುದಿ 5 ವೋಲ್ಟ್‌ಗೆ. ಎರಡೂ ಸಪ್ಲೈಗಳ ಗ್ರೌಂಡ್ ಒಂದಾಗಿರಲಿ.

ಪಿನ್ ಮತ್ತು ಬೇಸ್ ನಡುವೆ 470 ಓಮ್ ರೆಸಿಸ್ಟರ್ ಹಾಕಿ:

(3.3 − 0.7) ÷ 470 ≈ 5.5 mA

ಇದು ಕಾಯಿಲ್ ಕರೆಂಟ್‌ನ ಹದಿಮೂರನೇ ಒಂದು ಭಾಗ. ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗುತ್ತದೆ. 10 ಕಿಲೋಓಮ್ ಹಾಕಿದರೆ ಅರ್ಧಂಬರ್ಧ ಆನ್ ಆಗಿ ಬಿಸಿಯಾಗಬಹುದು, ರಿಲೇಯೂ ಎಳೆಯದಿರಬಹುದು. ಆಗ ಕಲೆಕ್ಟರ್–ಎಮಿಟರ್ ನಡುವೆ ಅಳೆದು ನೋಡಿ: 0.3 ವೋಲ್ಟ್‌ಗಿಂತ ಬಹಳ ಹೆಚ್ಚಿದ್ದರೆ ಬೇಸ್ ಕರೆಂಟ್ ಸಾಲುತ್ತಿಲ್ಲ.

ಆಫ್ ಮಾಡಿದ ಕ್ಷಣ ಕಾಯಿಲ್ ತನ್ನ ಕರೆಂಟನ್ನು ಬಿಡದೆ ಕಲೆಕ್ಟರ್ ವೋಲ್ಟೇಜನ್ನು ಟ್ರಾನ್ಸಿಸ್ಟರ್ ತಾಳಲಾರದಷ್ಟು ಏರಿಸುತ್ತದೆ. ಅದಕ್ಕೇ ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್, ಬಿಳಿ ಪಟ್ಟಿಯ ತುದಿ 5 ವೋಲ್ಟ್ ಕಡೆಗೆ. ತಿರುಗಿಸಿ ಹಾಕಿದರೆ ಪಿನ್ ಹೈ ಆದೊಡನೆ ಸಪ್ಲೈ ಶಾರ್ಟ್ ಆಗಿ ಟ್ರಾನ್ಸಿಸ್ಟರ್ ಸುಡುತ್ತದೆ.