ಜೇನು ಚಾನೆಲ್‌ಗೆ ಹೆಸರು: ಮೊದಲು ಮಳೆಗಾಲದ ವಿಡಿಯೋ ಯೋಚಿಸಿ

“ನಮ್ಮ ಮನೇಲಿ ಆರು ತುಡುವೆ ಪೆಟ್ಟಿಗೆ ಇದೆ. ಯೂಟ್ಯೂಬ್ ಚಾನೆಲ್‌ಗೆ ‘ತುಡುವೆ ಜೇನು ಕೃಷಿ’ ಅಂತ ಹೆಸರಿಡೋಣ ಅಂತಿದ್ದೀನಿ. ಮುಂದೆ ತೋಟ, ಅಡುಗೆನೂ ಹಾಕಬಹುದು. ಆಗ ಹೆಸರು ಹೊಂದದೆ ಹೋದ್ರೆ ಏನು ಮಾಡೋದು?”

ಅಣ್ಣ, ಹೆಸರು ಬರೆಯುವ ಮೊದಲು ಕ್ಯಾಲೆಂಡರ್ ನೋಡಿ. ನಮ್ಮ ಮಲೆನಾಡಲ್ಲಿ ಜೇನು ತೆಗೆಯುವುದು ಬೇಸಿಗೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆ ಮುಂದೆ ಕ್ಯಾಮೆರಾ ಇಟ್ಟರೆ ಏನು ಸಿಗುತ್ತೆ? ಸಕ್ಕರೆ ಪಾಕ ಕೊಡುವುದು, ಮೇಣದ ಹುಳ ನೋಡುವುದು. ಎರಡು ವಿಡಿಯೋ ಆಗಬಹುದು, ಕಷ್ಟಪಟ್ಟರೆ ಮೂರು. ಉಳಿದ ವಾರಗಳಲ್ಲಿ ನೀವು ಕಾಳುಮೆಣಸಿನ ಬಳ್ಳಿ, ಕಳಲೆ ಪಲ್ಯ ಅಂತ ತೋರಿಸಲೇಬೇಕಾಗುತ್ತೆ. ಅಂದರೆ ದಿಕ್ಕು ಬದಲಾಗುವುದು ಯಾವಾಗಲೋ ಅಲ್ಲ, ಮೊದಲ ಮಳೆಗಾಲದಲ್ಲೇ.

ನಾನು ಇದನ್ನು ಯೋಚಿಸದೆ ಕೆಟ್ಟೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದಾಗ ಚಾನೆಲ್‌ಗೆ ‘ತಾರಸಿ ತರಕಾರಿ’ ಅಂತ ಇಟ್ಟಿದ್ದೆ. ಎರಡೇ ವರ್ಷಕ್ಕೆ ಮನೆ ಬಿಡಬೇಕಾಯಿತು, ಊರಿಗೆ ಬಂದೆ. ಈಗ ತಾರಸಿಯೇ ಇಲ್ಲ, ಹೆಂಚಿನ ಮನೆ! ಹೆಸರು ಬದಲಾಯಿಸಿದೆ. ಆದರೆ ಹಳೆಯ ಅರವತ್ತು ವಿಡಿಯೋಗಳಲ್ಲಿ “ತಾರಸಿ ತರಕಾರಿಗೆ ಸ್ವಾಗತ” ಅಂತ ನನ್ನ ಬಾಯಲ್ಲೇ ಇದೆ. ಅದನ್ನು ಹೇಗೆ ಅಳಿಸಲಿ?

ಹಾಗಾಗಿ ನಿಮ್ಮ ಪ್ರಶ್ನೆಗೆ ಕಾಮೆಂಟಲ್ಲಿ ಒಬ್ಬರು “ಯಾವಾಗ ಬೇಕಾದರೂ ಬದಲಾಯಿಸಬಹುದು, ತಲೆಕೆಡಿಸಿಕೊಳ್ಳಬೇಡಿ” ಅಂದಿದ್ದು ಅರ್ಧ ಸರಿ. 14 ದಿನದಲ್ಲಿ ಎರಡು ಸಲ ಬದಲಾಯಿಸಲು ಯೂಟ್ಯೂಬ್ ಬಿಡುತ್ತೆ. ಸಬ್‌ಸ್ಕ್ರೈಬರ್ ಎಲ್ಲೂ ಹೋಗಲ್ಲ, ವಿಡಿಯೋಗಳೂ ಹಾಗೇ ಇರುತ್ತವೆ. ಆದರೆ @ ಇಂದ ಶುರುವಾಗುವ ಹ್ಯಾಂಡಲ್ ಬೇರೆ, ಅದನ್ನು ಪ್ರತ್ಯೇಕವಾಗಿ ಬದಲಾಯಿಸಬೇಕು. ಹೆಸರು ಇನ್ನೊಬ್ಬರದೂ ಅದೇ ಇರಬಹುದು, ಹ್ಯಾಂಡಲ್ ಹಾಗಲ್ಲ, ಒಬ್ಬರಿಗೇ ಒಂದು. ವೆರಿಫೈಡ್ ಗುರುತು ಬಂದ ಮೇಲೆ ಹೆಸರು ಬದಲಾಯಿಸಿದರೆ ಆ ಗುರುತೂ ಹೋಗುತ್ತೆ, ಮತ್ತೆ ಅರ್ಜಿ ಹಾಕಬೇಕು.

ಈಗ ನಿಮ್ಮ ಹೆಸರಿಗೆ ಬರೋಣ. ‘ತುಡುವೆ’ ಅಂದ ಕೂಡಲೇ ಮುಜಂಟಿ ಜೇನು ಕೂಡ ಹೊರಗೆ ಉಳಿಯಿತು. ‘ಕೃಷಿ’ ಅಂದ ಕೂಡಲೇ ಅಡುಗೆ ಹೊರಗೆ. ಬೆಳೆ, ಪ್ರಾಣಿ, ಕೆಲಸದ ಹೆಸರುಗಳು ಬದಲಾಗುವಂಥವು. ಜಾಗದ ಹೆಸರು ಅಷ್ಟು ಬೇಗ ಬದಲಾಗಲ್ಲ. ಹಿತ್ತಿಲು, ಅಂಗಳ, ಬೇಲಿ, ಇಲ್ಲವೇ ಬೇಲಿ ದಾಟಿ ಒಳಗೆ ಬರುವ ದಣಪೆ, ಇಂಥ ಪದ ತಗೊಳ್ಳಿ. ದಣಪೆ ದಾಟಿ ಒಳಗೆ ಬಂದರೆ ಜೇನೂ ಇದೆ, ದನವೂ ಇದೆ, ಒಲೆಯೂ ಇದೆ, ಅಲ್ವಾ? (ನನ್ನ ತಾರಸಿಯೂ ಜಾಗವೇ. ಆದರೆ ಬಾಡಿಗೆಯದು. ಸ್ವಂತ ಜಾಗ ನೋಡಿಕೊಳ್ಳಿ.)

ಆದರೆ ಬರೀ ‘ದಣಪೆ’ ಅಂದರೆ ಹೊಸಬರಿಗೆ ಒಳಗೇನಿದೆ ಅಂತ ತಿಳಿಯಲ್ಲ. “ಹೆಸರಲ್ಲಿ ಜೇನು ಇಲ್ಲದಿದ್ದರೆ ಯಾರಿಗೂ ಸಿಗಲ್ಲ” ಅಂತ ಕಾಮೆಂಟ್ ಹಾಕಿದ ತಂಗಿಯ ಮಾತಲ್ಲಿ ಇಷ್ಟು ನಿಜ ಇದೆ. ಅದಕ್ಕೆ ಬಾಲ ಸೇರಿಸಿ: ‘ದಣಪೆ – ಜೇನು ಮತ್ತು ತೋಟ’. ಹ್ಯಾಂಡಲ್‌ನಲ್ಲಿ, ಲೋಗೋದಲ್ಲಿ, ವಿಡಿಯೋ ಶುರುವಿನ ಮಾತಲ್ಲಿ ಬರೀ ದಣಪೆ ಇರಲಿ. ಲೋಗೋದಲ್ಲಿ ಜೇನುಹುಳದ ಚಿತ್ರವೂ ಬೇಡ. ನಾಳೆ ಅಡುಗೆ ಜಾಸ್ತಿಯಾದರೆ ಬಾಲ ಮಾತ್ರ ಕತ್ತರಿಸಿ ಬೇರೆ ಅಂಟಿಸಿ. “ತುಡುವೆ ಪಾಲು ಮಾಡುವುದು ಹೇಗೆ” ಅಂತ ಹುಡುಕುವವರಿಗೆ ಆ ಮಾತು ವಿಡಿಯೋ ಶೀರ್ಷಿಕೆಯಲ್ಲಿ ಇದ್ದರೆ ಸಾಕು.

ತೀರಾ ಅಗಲದ ಹೆಸರೂ ಬೇಡ. ‘ನಮ್ಮ ಕೃಷಿ’, ‘ಹಳ್ಳಿ ಬದುಕು’ ಥರದ್ದು ಎಲ್ಲಕ್ಕೂ ಹೊಂದುತ್ತೆ, ಯಾರ ನೆನಪಲ್ಲೂ ಉಳಿಯಲ್ಲ.

ಇನ್ನೊಂದು, ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹುಡುಕಿ ನೋಡಿ. ‘ಹೊಲ’ ಅಂತ ಇಡಲು ಹೋಗಿ hola ಅಂತ ಹೊಡೆದರೆ ಸ್ಪ್ಯಾನಿಷ್ ವಿಡಿಯೋ ಸಾಲುಗಟ್ಟುತ್ತೆ, ಅದು ಅವರ ನಮಸ್ಕಾರ. thota ಅಂದರೆ ತೆಲುಗಿನವರದು ಬರುತ್ತೆ. ದಣಪೆಗೆ danape, dhanape ಎರಡೂ ಬರೆಯುವವರಿದ್ದಾರೆ. ಮನೆಯ ನಾಲ್ಕು ಜನಕ್ಕೆ ಬಾಯಲ್ಲಿ ಹೇಳಿ, ಫೋನಲ್ಲಿ ಬರೆಯಲು ಕೊಡಿ. ಮೂವರು ಒಂದೇ ಥರ ಬರೆದದ್ದನ್ನು ಹ್ಯಾಂಡಲ್ ಮಾಡಿ. ನಾಲ್ಕು ಜನ ನಾಲ್ಕು ಥರ ಬರೆದರೆ ಆ ಪದ ಬಿಡಿ, ಎಷ್ಟೇ ಚೆಂದ ಇದ್ದರೂ.

 

ಮನೆತನದ ಹೆಸರು ಇಡುವ ಬಗ್ಗೆ ನನಗೇ ಗೊಂದಲ ಇದೆ. ಅದು ಬದಲಾಗಲ್ಲ ನಿಜ, ಆದರೆ ಅಣ್ಣ ತಮ್ಮಂದಿರು ಪಾಲಾದರೆ ಹೆಸರು ಯಾರದ್ದು? ಮತ್ತೆ ಅಡುಗೆ ವಿಡಿಯೋ ಮಾಡುವುದು ನೀವೋ ಅತ್ತಿಗೆಯೋ? ಅವರಾದರೆ ನಿಮ್ಮೊಬ್ಬರ ಹೆಸರು ನಡೆಯಲ್ಲ. ಮೊದಲು ಅವರನ್ನು ಕೇಳಿ ಬನ್ನಿ.